ಕಂಟ್ರೋಲರ್ ದೀಪ ಉರಿಯುತ್ತೆ, ಗೇಮ್ ಮಾತ್ರ ಕೇಳಲ್ಲ: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಪಿಎಸ್4 ಕಂಟ್ರೋಲರನ್ನು ಕಂಪ್ಯೂಟರಿಗೆ ಚುಚ್ಚುತ್ತೀರಿ. ದೀಪ ಬರುತ್ತದೆ. ಗೇಮ್ ತೆರೆದರೆ ಒಂದು ಬಟನ್ನೂ ಕೆಲಸ ಮಾಡುವುದಿಲ್ಲ. ಈ ದೂರು ಬಂದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಅಂದರೆ ಎಲ್ಲಿಂದಲೋ ಡ್ರೈವರ್ ಇಳಿಸಿಕೊಳ್ಳುವುದು. ದಯವಿಟ್ಟು ಅದನ್ನು ಮಾಡಬೇಡಿ. ವಿಂಡೋಸ್ 10 ಮತ್ತು 11ಕ್ಕೆ ಈ ಕಂಟ್ರೋಲರನ್ನು ಗುರುತಿಸಲು ಬೇರೆ ಡ್ರೈವರ್ ಬೇಕಿಲ್ಲ. ತೊಂದರೆ ಇರುವುದು ಬೇರೆ ಕಡೆ.

ನೀವು ಬಟನ್ ಒತ್ತಿದ್ದು ಗೇಮ್‌ಗೆ ತಲುಪಬೇಕಾದರೆ ಎರಡು ಹೆಜ್ಜೆ ದಾಟಬೇಕು. ಮೊದಲನೆಯದು ಕಂಟ್ರೋಲರಿನಿಂದ ವಿಂಡೋಸ್‌ವರೆಗೆ. ಎರಡನೆಯದು ವಿಂಡೋಸ್‌ನಿಂದ ಗೇಮ್‌ವರೆಗೆ. ಕೇಬಲ್, ಬ್ಲೂಟೂತ್, ಡಾಂಗಲ್ ಎಲ್ಲವೂ ಮೊದಲ ಹೆಜ್ಜೆಯ ವಿಷಯ. ಗೇಮ್ ಯಾವ ಬಗೆಯ ಕಂಟ್ರೋಲರನ್ನು ಒಪ್ಪುತ್ತದೆ ಅನ್ನುವುದು ಎರಡನೆಯದು. ಎಲ್ಲಿ ಕಡಿದಿದೆ ಅಂತ ಗೊತ್ತಾಗದೆ ಕೈ ಹಾಕಿದರೆ ಸರಿ ಇರುವುದನ್ನೂ ಕೆಡಿಸಿಕೊಳ್ಳುತ್ತೀರಿ.

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಅಕ್ಕನ ಮಗನ ಕಂಪ್ಯೂಟರಿನಲ್ಲಿ ಈ ಎರಡೂ ಹೆಜ್ಜೆ ಒಟ್ಟಿಗೇ ಕೆಟ್ಟಿದ್ದವು. ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಕಂಪ್ಯೂಟರ್ ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ್ದು, ವಿಂಡೋಸ್ 11 ಇದೆ. ಕಂಟ್ರೋಲರ್ ಅವನ ಸ್ನೇಹಿತನ ಪಿಎಸ್4ರದ್ದು, ಅಂದರೆ ಡ್ಯುಯಲ್‌ಶಾಕ್ 4. ಆಡಬೇಕಾಗಿದ್ದು ಒಂದು ಹಳೇ ಕಾರ್ ರೇಸಿಂಗ್ ಗೇಮ್. "ಮಾಮ, ಲೈಟ್ ಬರ್ತೈತೆ, ಗೇಮ್‌ನಾಗೆ ಮಾತ್ರ ಏನೂ ಆಗ್ತಿಲ್ಲ. ಕಂಟ್ರೋಲರೇ ಹೋಗೇತೇನೋ" ಅಂತ ಫೋನ್ ಮಾಡಿದ್ದ.

ಮೊದಲು ಗೇಮ್ ಮುಚ್ಚಿ, ಈ ಕಿಟಕಿ ತೆರೆಯಿರಿ

ಕೀಬೋರ್ಡಿನಲ್ಲಿ ವಿಂಡೋಸ್ ಕೀ ಜೊತೆ R ಒತ್ತಿ. ಬಂದ ಚಿಕ್ಕ ಪೆಟ್ಟಿಗೆಯಲ್ಲಿ ಹೀಗೆ ಟೈಪ್ ಮಾಡಿ ಎಂಟರ್ ಒತ್ತಿ.

```
joy.cpl
```

Game Controllers ಅನ್ನುವ ಹಳೇ ಕಾಲದ ಕಿಟಕಿ ತೆರೆಯುತ್ತದೆ. ವಿಂಡೋಸ್ ಸದ್ಯ ಯಾವ ಯಾವ ಕಂಟ್ರೋಲರನ್ನು ನೋಡುತ್ತಿದೆ ಅನ್ನುವ ಪಟ್ಟಿ ಇದು. ಡ್ಯುಯಲ್‌ಶಾಕ್ 4 ಇಲ್ಲಿ ಬರೀ Wireless Controller ಅನ್ನುವ ಹೆಸರಲ್ಲಿ ಕಾಣುತ್ತದೆ. ಕೇಬಲ್ ಹಾಕಿದ್ದರೂ ಅದೇ ಹೆಸರು, ಗಾಬರಿ ಬೇಡ. ಎಕ್ಸ್‌ಬಾಕ್ಸ್ ಕಂಟ್ರೋಲರಾದರೆ ಹೆಸರಲ್ಲೇ Xbox ಅಂತ ಇರುತ್ತದೆ.

ಪಟ್ಟಿಯಲ್ಲಿ ಹೆಸರಿದ್ದರೆ ಅದನ್ನು ಆರಿಸಿ Properties ಒತ್ತಿ. ಅಲ್ಲಿ Test ಅನ್ನುವ ಪುಟವಿದೆ. ಎಡಗಡ್ಡಿ, ಅಂದರೆ ಎಡಗಡೆಯ ಸ್ಟಿಕ್, ಅಲ್ಲಾಡಿಸಿದರೆ ಒಂದು ಪ್ಲಸ್ ಗುರುತು ಓಡಾಡಬೇಕು, ಬಟನ್ ಒತ್ತಿದರೆ ಒಂದು ಕೆಂಪು ಚುಕ್ಕೆ ಹೊತ್ತಿಕೊಳ್ಳಬೇಕು. ಹಾಗಾದರೆ ಮೊದಲ ಹೆಜ್ಜೆ ಸರಿ ಇದೆ ಅಂತ ಅರ್ಥ. ಕೇಬಲ್, ಪೋರ್ಟ್, ಬ್ಲೂಟೂತ್ ಯಾವುದನ್ನೂ ಇನ್ನು ಮುಟ್ಟಬೇಡಿ. ಪಟ್ಟಿ ಖಾಲಿ ಇದ್ದರೆ ಮಾತ್ರ ಕೇಬಲ್ ಕಡೆ ಹೋಗಿ.

ನಮ್ಮ ಅಳಿಯನ ಪಟ್ಟಿ ಖಾಲಿ ಇತ್ತು.

ಚಾರ್ಜ್ ಆಗುವ ಕೇಬಲ್ಲೆಲ್ಲ ಡೇಟಾ ಕೇಬಲ್ ಅಲ್ಲ

ಯುಎಸ್‌ಬಿ ಕೇಬಲ್ಲಿನೊಳಗೆ ಕರೆಂಟಿಗೆ ಎರಡು ತಂತಿ, ಡೇಟಾಕ್ಕೆ ಎರಡು ತಂತಿ ಇರುತ್ತವೆ. ಇಯರ್‌ಬಡ್ಸ್, ಟಾರ್ಚ್, ಟ್ರಿಮ್ಮರ್ ಜೊತೆ ಬರುವ ಎಷ್ಟೋ ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತವೆ. ಡೇಟಾ ತಂತಿ ಹಾಕಿಯೇ ಇರುವುದಿಲ್ಲ. ಅಂಥ ಕೇಬಲ್ ಚುಚ್ಚಿದರೂ ಕಂಟ್ರೋಲರ್ ಚಾರ್ಜ್ ಆಗುತ್ತದೆ, ಕಿತ್ತಳೆ ಬಣ್ಣದ ದೀಪ ಮಿಣುಕುತ್ತದೆ. ಆದರೆ ಕಂಪ್ಯೂಟರಿಗೆ ಏನೂ ಬಂದೇ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ಬಗೆಯ ಕೇಬಲ್ ಒಂದೇ ಥರ.

ಕಿವಿಯಿಂದಲೇ ಇದನ್ನು ಕಂಡುಹಿಡಿಯಬಹುದು. ಸ್ಪೀಕರ್ ಆನ್ ಮಾಡಿ ಕೇಬಲ್ ಚುಚ್ಚಿ. ಹೊಸ ಸಾಧನ ಬಂದಾಗ ವಿಂಡೋಸ್ ಒಂದು ಪುಟ್ಟ ಶಬ್ದ ಮಾಡುತ್ತದೆ. ದೀಪ ಬಂತು, ಶಬ್ದ ಬರಲಿಲ್ಲ ಅಂದರೆ ಕೇಬಲ್ ಮೇಲೇ ಅನುಮಾನ ಪಡಿ. ಖಚಿತ ಮಾಡಿಕೊಳ್ಳಲು ಅದೇ ಕೇಬಲ್ಲಿಗೆ ಅದೇ ಪಿನ್ನಿನ ಒಂದು ಆಂಡ್ರಾಯ್ಡ್ ಫೋನ್ ಹಾಕಿ. ಫೋನಿನಲ್ಲಿ ಫೈಲ್ ಕಳಿಸುವ ಆಯ್ಕೆ ಬರದೆ ಬರೀ ಚಾರ್ಜಿಂಗ್ ತೋರಿಸಿ, ಬೇರೆ ಕೇಬಲ್ಲಿನಲ್ಲಿ ಆ ಆಯ್ಕೆ ಬಂದರೆ ತೀರ್ಮಾನವಾಯಿತು. ಡ್ಯುಯಲ್‌ಶಾಕ್ 4ಕ್ಕೆ ಬೇಕಾಗಿದ್ದು ಮೈಕ್ರೋ ಯುಎಸ್‌ಬಿ, ಪಿಎಸ್5ರ ಡ್ಯುಯಲ್‌ಸೆನ್ಸ್‌ಗೆ ಟೈಪ್ ಸಿ. ಮನೆಯಲ್ಲಿ ಹಳೇ ಸ್ಯಾಮ್‌ಸಂಗೋ ರೆಡ್ಮಿಯೋ ಫೋನಿನ ಜೊತೆ ಬಂದ ಕೇಬಲ್ ಮೂಲೆಯಲ್ಲಿ ಬಿದ್ದಿದ್ದರೆ ಅದನ್ನು ಹುಡುಕಿ. ಸಾಮಾನ್ಯವಾಗಿ ಅದರಲ್ಲಿ ಡೇಟಾ ತಂತಿ ಇರುತ್ತದೆ. ಹೊಸದು ತರುವುದಾದರೆ ಅಂಗಡಿಯಲ್ಲಿ "ಚಾರ್ಜಿಂಗ್ ಕೇಬಲ್ ಕೊಡಿ" ಅನ್ನಬೇಡಿ, "ಡೇಟಾ ಕೇಬಲ್ ಕೊಡಿ" ಅನ್ನಿ.

ಎಕ್ಸ್‌ಬಾಕ್ಸ್ 360ರ ವೈರ್‌ಲೆಸ್ ಕಂಟ್ರೋಲರ್ ಇಟ್ಟುಕೊಂಡವರಿಗೆ ಒಂದು ಮಾತು. ಅದಕ್ಕೆಂದೇ ಸಿಗುವ ಪ್ಲೇ ಅಂಡ್ ಚಾರ್ಜ್ ಕೇಬಲ್ ಎಷ್ಟೇ ಒಳ್ಳೆಯದಿದ್ದರೂ ಅದು ಚಾರ್ಜಿಗೆ ಮಾತ್ರ. ಆ ಕಂಟ್ರೋಲರಿಗೆ ಬ್ಲೂಟೂತೂ ಇಲ್ಲ. ಕಂಪ್ಯೂಟರಿಗೆ ಅದರದ್ದೇ ಬೇರೆ ರಿಸೀವರ್ ಬೇಕು. ಕೇಬಲ್ ಬದಲಿಸುತ್ತಾ ಕೂತರೆ ಪ್ರಯೋಜನವಿಲ್ಲ.

ಅಳಿಯ ಹಾಕಿದ್ದು ಬ್ಲೂಟೂತ್ ಸ್ಪೀಕರ್ ಡಬ್ಬದಲ್ಲಿ ಬಂದಿದ್ದ ಕೇಬಲ್. ನಮ್ಮ ಭಾವನವರ ಹಳೇ ಫೋನಿನ ಕೇಬಲ್ ಹಾಕಿದ ಕೂಡಲೇ ಶಬ್ದ ಬಂತು, joy.cpl ಪಟ್ಟಿಯಲ್ಲಿ Wireless Controller ಬಂತು, ಚುಕ್ಕೆಗಳೆಲ್ಲ ಹೊತ್ತಿಕೊಂಡವು. ಗೇಮ್ ತೆರೆದ. ಅಲ್ಲಿ ಮಾತ್ರ ಆಗಲೂ ಏನೂ ಇಲ್ಲ.

ವಿಂಡೋಸ್‌ಗೆ ಕಾಣುತ್ತೆ, ಗೇಮ್‌ಗೆ ಯಾಕೆ ಕಾಣಲ್ಲ?

ಅರ್ಧ ಜನ ಕೈಚೆಲ್ಲುವುದು ಇಲ್ಲೇ. ವಿಂಡೋಸ್‌ನಲ್ಲಿ ಗೇಮ್‌ಗಳು ಕಂಟ್ರೋಲರನ್ನು ಓದುವುದಕ್ಕೆ ಮುಖ್ಯವಾಗಿ ಎರಡು ಪದ್ಧತಿ ಇವೆ. ಹಳೆಯದು ಡೈರೆಕ್ಟ್‌ಇನ್‌ಪುಟ್, 1990ರ ದಶಕದ್ದು. ಅದರಲ್ಲಿ ಬಟನ್ನುಗಳಿಗೆ ಹೆಸರಿಲ್ಲ, ಬರೀ ನಂಬರ್. ಒಂದನೇ ಬಟನ್, ಎರಡನೇ ಬಟನ್, ಹೀಗೆ. ಯಾವ ಬಟನ್ ಎಲ್ಲಿದೆ ಅನ್ನುವುದು ಕಂಟ್ರೋಲರ್ ಮಾಡಿದವರ ಇಷ್ಟ. ಹೊಸದು ಎಕ್ಸ್‌ಇನ್‌ಪುಟ್. 2005ರಲ್ಲಿ ಎಕ್ಸ್‌ಬಾಕ್ಸ್ 360 ಬಂದಾಗ ಅದರ ಕಂಟ್ರೋಲರಿಗಾಗಿ ಮೈಕ್ರೋಸಾಫ್ಟ್ ಮಾಡಿದ್ದು. ಅದರಲ್ಲಿ ಎ, ಬಿ, ಎಕ್ಸ್, ವೈ ಎಲ್ಲ ಮೊದಲೇ ನಿಗದಿ. ಗೇಮ್ ಮಾಡುವವರಿಗೆ ಇದು ಸಲೀಸು. ಹಾಗಾಗಿ ಆಮೇಲೆ ಬಂದ ಎಷ್ಟೋ ಗೇಮ್‌ಗಳು ಎಕ್ಸ್‌ಇನ್‌ಪುಟ್ ಮಾತ್ರ ಓದುತ್ತವೆ. ಬೇರೆಯದನ್ನು ತಿರುಗಿಯೂ ನೋಡುವುದಿಲ್ಲ.

ಡ್ಯುಯಲ್‌ಶಾಕ್ 4 ತಾನಾಗಿ ಎಕ್ಸ್‌ಇನ್‌ಪುಟ್ ಕೊಡುವುದಿಲ್ಲ. joy.cpl ಅದನ್ನು ತೋರಿಸುತ್ತದೆ, ಗೇಮ್ ತೋರಿಸುವುದಿಲ್ಲ. ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಕಂಟ್ರೋಲರೂ ಕೆಟ್ಟಿಲ್ಲ, ಗೇಮೂ ಕೆಟ್ಟಿಲ್ಲ.

ನಿಮ್ಮ ಕಂಟ್ರೋಲರ್ ಈಗ ಯಾವ ಪದ್ಧತಿಯಲ್ಲಿದೆ ಅಂತ ನೋಡಲು ಒಂದು ಸುಲಭ ಉಪಾಯವಿದೆ. ಕ್ರೋಮ್ ಬ್ರೌಸರಿನಲ್ಲಿ ಯಾವುದಾದರೂ ಸುರಕ್ಷಿತ ಪುಟ, ಅಂದರೆ ವಿಳಾಸ https ಇಂದ ಶುರುವಾಗುವ ಪುಟ ತೆರೆಯಿರಿ. F12 ಒತ್ತಿ Console ಗೆ ಹೋಗಿ. ಪುಟದ ಮೇಲೆ ಒಂದು ಸಲ ಕ್ಲಿಕ್ ಮಾಡಿ, ಕಂಟ್ರೋಲರಿನ ಒಂದು ಬಟನ್ ಒತ್ತಿ. ಆಮೇಲೆ ಇದನ್ನು ಕೈಯಿಂದಲೇ ಟೈಪ್ ಮಾಡಿ.

```
[...navigator.getGamepads()].map(p => p && p.id)
```

ಉತ್ತರದಲ್ಲಿ XInput ಅನ್ನುವ ಪದ ಇದ್ದರೆ ಎಕ್ಸ್‌ಇನ್‌ಪುಟ್. ಇಲ್ಲದೆ Vendor: 054c ಅಂತ ಬಂದರೆ ಸೋನಿ ಕಂಟ್ರೋಲರ್ ತನ್ನ ಸ್ವಂತ ರೂಪದಲ್ಲೇ ಇದೆ. 054c ಸೋನಿಯ ಸಂಖ್ಯೆ, 045e ಮೈಕ್ರೋಸಾಫ್ಟಿನದು. ಇಲ್ಲೊಂದು ಎಚ್ಚರಿಕೆ ಬೇಕು. ಬ್ರೌಸರ್ ಎರಡೂ ಪದ್ಧತಿ ಓದುತ್ತದೆ. ಆದ್ದರಿಂದ "ಕಂಟ್ರೋಲರ್ ಟೆಸ್ಟ್ ಮಾಡುವ ಸೈಟಿನಲ್ಲಿ ಎಲ್ಲಾ ಬಟನ್ ಸರಿ ಇವೆ" ಅನ್ನುವುದು ಗೇಮ್‌ನಲ್ಲೂ ನಡೆಯುತ್ತದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಅಲ್ಲಿ ಬರುವ ಹೆಸರು ಮುಖ್ಯ.

ಇನ್ನೂ ಒಂದು ಗುರುತು ಇದೆ, ಅದು ಗೇಮ್ ಒಳಗೇ ಕಾಣುತ್ತದೆ. ಕೆಲವು ಗೇಮ್‌ಗಳು ಡೈರೆಕ್ಟ್‌ಇನ್‌ಪುಟ್ ಓದುತ್ತವೆ, ಆದರೆ ಬಟನ್ನುಗಳು ಎಕ್ಸ್‌ಬಾಕ್ಸ್ ಕ್ರಮದಲ್ಲೇ ಇವೆ ಅಂದುಕೊಂಡಿರುತ್ತವೆ. ಎಕ್ಸ್‌ಬಾಕ್ಸ್‌ನಲ್ಲಿ ಒಂದನೇ ಬಟನ್ ಎ, ಕೆಳಗಿನದು. ಡ್ಯುಯಲ್‌ಶಾಕ್ 4ರಲ್ಲಿ ಒಂದನೇ ಬಟನ್ ಚೌಕ, ಎಡಗಡೆಯದು. ಹಾಗಾಗಿ ಕ್ರಾಸ್ ಒತ್ತಿದರೆ ಆಗಬೇಕಾದ್ದು ಚೌಕ ಒತ್ತಿದರೆ ಆಗುತ್ತದೆ. ಇದಕ್ಕಿಂತ ವಿಚಿತ್ರ ಅಂದರೆ ಕ್ಯಾಮೆರಾ ತಾನೇ ಒಂದು ಮೂಲೆಗೆ ತಿರುಗುತ್ತಾ ಇರುತ್ತದೆ. ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಕೈ ತೆಗೆದರೂ ನಿಲ್ಲುವುದಿಲ್ಲ. ಎಲ್ಲರೂ ಕಡ್ಡಿ ಹಾಳಾಗಿದೆ ಅಂದುಕೊಳ್ಳುತ್ತಾರೆ. ಅಸಲು ವಿಷಯ ಹೀಗಿದೆ. ಎಕ್ಸ್‌ಬಾಕ್ಸ್ ಕ್ರಮದಲ್ಲಿ ಬಲಗಡ್ಡಿ ಇರುವ ಜಾಗದಲ್ಲಿ ಡ್ಯುಯಲ್‌ಶಾಕ್ 4 ತನ್ನ ಎಲ್2, ಆರ್2 ಟ್ರಿಗರುಗಳನ್ನು ಕಳಿಸುತ್ತದೆ. ಬಿಟ್ಟಾಗ ಕಡ್ಡಿ ನಡುವೆ ನಿಲ್ಲುತ್ತದೆ. ಟ್ರಿಗರ್ ಬಿಟ್ಟಾಗ ಕೊನೆಯ ತುದಿಯಲ್ಲಿ ನಿಲ್ಲುತ್ತದೆ. ಗೇಮ್‌ಗೆ ಅದು ಯಾರೋ ಕಡ್ಡಿಯನ್ನು ಜೋರಾಗಿ ಒತ್ತಿ ಹಿಡಿದ ಹಾಗೆ ಕಾಣುತ್ತದೆ.

ಪರೀಕ್ಷೆ ಸುಲಭ. joy.cpl ನ Test ಪುಟಕ್ಕೆ ಹೋಗಿ ಏನನ್ನೂ ಮುಟ್ಟದೆ ನೋಡಿ. X Rotation ಮತ್ತು Y Rotation ಪಟ್ಟಿಗಳು ಖಾಲಿ ಇದ್ದು, ಎಲ್2 ಆರ್2 ಒತ್ತಿದಾಗ ತುಂಬಿದರೆ ಟ್ರಿಗರುಗಳು ಅಲ್ಲಿವೆ ಅಂತ ಅರ್ಥ. ಕಡ್ಡಿಗಳು ಬಿಟ್ಟಾಗ ನಡುವೆಯೇ ನಿಂತರೆ ಅವಕ್ಕೆ ಏನೂ ಆಗಿಲ್ಲ. ರಿಪೇರಿಗೆ ಕೊಡಬೇಡಿ, ದುಡ್ಡು ದಂಡ.

ನಡುವೆ ಒಬ್ಬ ದಲ್ಲಾಳಿ ಬೇಕು, ಇಬ್ಬರು ಬೇಡ

ಪರಿಹಾರ ಅಂದರೆ ಸೋನಿ ಕಂಟ್ರೋಲರಿನಿಂದ ಬಂದದ್ದನ್ನು ಎಕ್ಸ್‌ಬಾಕ್ಸ್ ಕಂಟ್ರೋಲರಿನದು ಅಂತ ಗೇಮ್‌ಗೆ ಒಪ್ಪಿಸುವ ಒಂದು ತಂತ್ರಾಂಶ. ಅದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಎರಡು. ಒಂದು, ಗೇಮ್ ಕೊಳ್ಳಲು ಮತ್ತು ಶುರು ಮಾಡಲು ಬಳಸುವ ಸ್ಟೀಮ್ ತಂತ್ರಾಂಶದ ಒಳಗೇ ಇರುವ ಸ್ಟೀಮ್ ಇನ್‌ಪುಟ್. ಇನ್ನೊಂದು ಡಿಎಸ್4ವಿಂಡೋಸ್ ಅನ್ನುವ ಬೇರೆ ಪ್ರೋಗ್ರಾಂ.

ನನ್ನ ಸಲಹೆ ಮೊದಲು ಸ್ಟೀಮ್. ಹೊಸದಾಗಿ ಡ್ರೈವರ್ ಏನೂ ಹಾಕಬೇಕಿಲ್ಲ, ಬೇಡ ಅಂದರೆ ಒಂದು ಕ್ಲಿಕ್ಕಿನಲ್ಲಿ ತೆಗೆಯಬಹುದು. ಸ್ಟೀಮ್‌ನ Settings ಒಳಗೆ Controller ಗೆ ಹೋಗಿ ಪ್ಲೇಸ್ಟೇಷನ್ ಕಂಟ್ರೋಲರಿಗೆ ಸಂಬಂಧಿಸಿದ ಆಯ್ಕೆ ಆನ್ ಮಾಡಿ. ಆಮೇಲೆ ಗೇಮ್ ಹೆಸರಿನ ಮೇಲೆ ರೈಟ್ ಕ್ಲಿಕ್, Properties, ಅಲ್ಲಿ Controller. ಆ ಗೇಮ್‌ಗೆ Enable Steam Input ಆರಿಸಿ. ಗೇಮನ್ನು ಸ್ಟೀಮ್‌ನಲ್ಲಿ ಕೊಂಡಿರಲೇಬೇಕು ಅಂತೇನಿಲ್ಲ. ಸ್ಟೀಮ್‌ನ ಮೇಲಿನ Games ಮೆನುವಿನಲ್ಲಿ ಹೊರಗಿನ ಗೇಮ್ ಸೇರಿಸುವ ಆಯ್ಕೆ ಇದೆ, ಅದರಲ್ಲಿ ಗೇಮ್‌ನ ಫೈಲ್ ತೋರಿಸಿದರೆ ಆಯಿತು. ಒಂದೇ ಷರತ್ತು, ಗೇಮನ್ನು ಸ್ಟೀಮ್‌ನಿಂದಲೇ ಶುರು ಮಾಡಬೇಕು. ಡೆಸ್ಕ್‌ಟಾಪಿನ ಹಳೇ ಐಕಾನ್ ಒತ್ತಿದರೆ ಮತ್ತೆ ಮೊದಲಿನ ಕಥೆಯೇ. "ನಿನ್ನೆ ಬರ್ತಿತ್ತು, ಇವತ್ತು ಬರ್ತಿಲ್ಲ" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ.

ಗೇಮ್ ಲಾಂಚರ್ ಇನ್ನೊಂದು ಲಾಂಚರನ್ನು ತೆರೆದು ಆಮೇಲೆ ಗೇಮ್ ಶುರು ಮಾಡಿದರೆ ಸ್ಟೀಮ್ ಕೆಲವೊಮ್ಮೆ ನಡುವೆ ಕಳೆದುಹೋಗುತ್ತದೆ. ಆಗ ಡಿಎಸ್4ವಿಂಡೋಸ್ ಬೇಕಾಗುತ್ತದೆ. ಅದು ವಿಜಿಇಎಂ ಬಸ್ ಅನ್ನುವ ಡ್ರೈವರಿನ ಸಹಾಯದಿಂದ ವಿಂಡೋಸ್‌ಗೇ ಒಂದು ಸುಳ್ಳು ಎಕ್ಸ್‌ಬಾಕ್ಸ್ 360 ಕಂಟ್ರೋಲರನ್ನು ತೋರಿಸುತ್ತದೆ. ಆದ್ದರಿಂದ ಗೇಮನ್ನು ಎಲ್ಲಿಂದ ಶುರು ಮಾಡಿದರೂ ನಡೆಯುತ್ತದೆ.

ಅಳಿಯನಿಗೆ ಸ್ಟೀಮ್‌ನಿಂದಲೇ ಕೆಲಸವಾಯಿತು. ಕಾರ್ ಓಡಿತು. ಆದರೆ ಎರಡು ದಿನಕ್ಕೆ ಮತ್ತೆ ಫೋನ್: "ಮಾಮ, ಮೆನುನಾಗೆ ಒಂದ್ ಸಲ ಕೆಳಗ್ ಒತ್ತಿದ್ರೆ ಎರಡ್ ಸಲ ಇಳೀತೈತೆ." ಯಾರೋ ಸ್ನೇಹಿತ ಹೇಳಿದ ಅಂತ ಡಿಎಸ್4ವಿಂಡೋಸನ್ನೂ ಹಾಕಿಕೊಂಡಿದ್ದ. ನಮ್ಮೂರ ಎಪಿಎಂಸಿಯಲ್ಲಿ ಒಂದೇ ಮೆಕ್ಕೆಜೋಳದ ಚೀಲವನ್ನು ಇಬ್ಬರು ದಲ್ಲಾಳಿಗಳು ಬೇರೆ ಬೇರೆ ತೂಗಿ ಬರೆದುಕೊಂಡರೆ ಲೆಕ್ಕದಲ್ಲಿ ಎರಡು ಚೀಲ ಆಗುತ್ತದಲ್ವಾ, ಹಾಗೆ. ಸ್ಟೀಮ್ ಒಂದು ಸುಳ್ಳು ಎಕ್ಸ್‌ಬಾಕ್ಸ್ ತೋರಿಸುತ್ತಿತ್ತು, ಡಿಎಸ್4ವಿಂಡೋಸ್ ಇನ್ನೊಂದು. ಗೇಮ್ ಎರಡನ್ನೂ ನಂಬಿತು.

ಇದನ್ನು ಪತ್ತೆ ಹಚ್ಚಲು ಮತ್ತೆ joy.cpl. ಡಿಎಸ್4ವಿಂಡೋಸ್ ಓಡುತ್ತಿದ್ದರೆ ಪಟ್ಟಿಯಲ್ಲಿ Wireless Controller ಜೊತೆಗೆ ಎಕ್ಸ್‌ಬಾಕ್ಸ್ 360 ಹೆಸರಿನದೊಂದು ಹೆಚ್ಚಿಗೆ ಕಾಣುತ್ತದೆ. ಕೈಯಲ್ಲಿರುವುದು ಒಂದು, ಪಟ್ಟಿಯಲ್ಲಿ ಎರಡು. ಸ್ಟೀಮ್ ಬಳಸುವುದಾದರೆ ಡಿಎಸ್4ವಿಂಡೋಸ್ ಪೂರ್ತಿ ಮುಚ್ಚಿ. ಗಡಿಯಾರದ ಪಕ್ಕದ ಐಕಾನಿನಿಂದಲೂ ಮುಚ್ಚಬೇಕು, ಕಿಟಕಿ ಮುಚ್ಚಿದರೆ ಸಾಲದು. ಡಿಎಸ್4ವಿಂಡೋಸ್ ಬಳಸುವುದಾದರೆ ಆ ಗೇಮ್‌ಗೆ ಸ್ಟೀಮ್‌ನಲ್ಲಿ Disable Steam Input ಆರಿಸಿ. ಅಷ್ಟಾದ ಮೇಲೂ ಜೋಡಿ ಒತ್ತಾಟ ಉಳಿದರೆ ಗೇಮ್ ಅಸಲಿ ಡ್ಯುಯಲ್‌ಶಾಕನ್ನೂ ಸುಳ್ಳು ಎಕ್ಸ್‌ಬಾಕ್ಸನ್ನೂ ಒಟ್ಟಿಗೆ ಓದುತ್ತಿದೆ ಅಂತ ಅರ್ಥ. ಆಗ ಹಿಡ್‌ಹೈಡ್ ಅನ್ನುವ ಚಿಕ್ಕ ತಂತ್ರಾಂಶದಿಂದ ಅಸಲಿಯನ್ನು ಗೇಮ್ ಕಣ್ಣಿನಿಂದ ಮುಚ್ಚಿಡಬಹುದು.

ಕೆಲವು ಹೊಸ ಗೇಮ್‌ಗಳಿಗೆ ಸೋನಿ ಕಂಟ್ರೋಲರ್ ನೇರವಾಗಿ ಗೊತ್ತಿರುತ್ತದೆ. ತೆರೆಯ ಮೇಲೆ ತ್ರಿಕೋನ, ಚೌಕ, ಕ್ರಾಸ್ ಚಿತ್ರಗಳೇ ಬರುತ್ತವೆ. ಅಂಥ ಗೇಮ್‌ಗೆ ಯಾವ ದಲ್ಲಾಳಿಯೂ ಬೇಡ. ಸ್ಟೀಮ್ ಇನ್‌ಪುಟ್ ಆಫ್ ಮಾಡಿ, ಕೇಬಲ್ ಹಾಕಿ ಆಡಿ. ಡ್ಯುಯಲ್‌ಸೆನ್ಸ್‌ನ ಬಿಗಿಯಾಗುವ ಟ್ರಿಗರುಗಳು ಬೇಕಾದರೂ ಹಲವು ಗೇಮ್‌ಗಳಲ್ಲಿ ಕೇಬಲ್ಲೇ ಬೇಕು, ಬ್ಲೂಟೂತಿನಲ್ಲಿ ಅದು ಬರುವುದಿಲ್ಲ.

ಉಲ್ಟಾ ತೊಂದರೆಯೂ ಒಂದಿದೆ. ಅಸಲಿ ಎಕ್ಸ್‌ಬಾಕ್ಸ್ ಕಂಟ್ರೋಲರನ್ನು ಡೈರೆಕ್ಟ್‌ಇನ್‌ಪುಟ್ ಮಾತ್ರ ಗೊತ್ತಿರುವ ಹಳೇ ರೇಸಿಂಗ್ ಗೇಮ್‌ಗೆ ಹಾಕಿದರೆ ಎರಡೂ ಟ್ರಿಗರುಗಳು ಒಂದೇ ಅಕ್ಷದ ಎರಡು ತುದಿಗಳಾಗುತ್ತವೆ. ಆಕ್ಸಿಲರೇಟರ್, ಬ್ರೇಕ್ ಎರಡನ್ನೂ ಒಟ್ಟಿಗೆ ಒತ್ತಿದರೆ ಒಂದನ್ನೊಂದು ಹೊಡೆದುಹಾಕಿ ಏನೂ ಒತ್ತದಂತೆ ಆಗುತ್ತದೆ. joy.cpl ನಲ್ಲಿ Z Axis ಪಟ್ಟಿ ನೋಡುತ್ತಾ ಎರಡನ್ನೂ ಒತ್ತಿ, ಪಟ್ಟಿ ನಡುವೆ ಬಂದು ನಿಲ್ಲುವುದು ಕಣ್ಣಿಗೇ ಕಾಣುತ್ತದೆ. ಇದು ಕೆಟ್ಟಿದ್ದಲ್ಲ, ಅದರ ರೀತಿಯೇ ಹಾಗೆ.

ಬ್ಲೂಟೂತ್

ಕೇಬಲ್ಲಿನಲ್ಲಿ ಎಲ್ಲ ಸರಿಯಾದ ಮೇಲೆ ಮಾತ್ರ ಬ್ಲೂಟೂತಿಗೆ ಬನ್ನಿ. ಎರಡು ಅನುಮಾನ ಒಟ್ಟಿಗೆ ಇಟ್ಟುಕೊಂಡು ಹುಡುಕುವುದು ಕಷ್ಟ.

ಅಸೆಂಬಲ್ ಮಾಡಿಸಿದ ಕಂಪ್ಯೂಟರುಗಳಲ್ಲಿ ಬ್ಲೂಟೂತ್ ಇರಲೇಬೇಕು ಅಂತಿಲ್ಲ. ಸೆಟ್ಟಿಂಗಿನಲ್ಲಿ ಬ್ಲೂಟೂತ್ ಆನ್ ಮಾಡುವ ಗುಂಡಿಯೇ ಇಲ್ಲದಿದ್ದರೆ ಒಂದು ಯುಎಸ್‌ಬಿ ಬ್ಲೂಟೂತ್ ಡಾಂಗಲ್ ಬೇಕು. ಇನ್ನು ಕಂಟ್ರೋಲರಿನಲ್ಲಿ ಬ್ಲೂಟೂತ್ ಇದೆಯಾ ಅಂತಲೂ ನೋಡಿ. ಸೋನಿಯ ಪಿಎಸ್4, ಪಿಎಸ್5 ಎರಡರದ್ದರಲ್ಲೂ ಇದೆ. ಎಕ್ಸ್‌ಬಾಕ್ಸ್ ಒನ್‌ನ ಮೊದಲ ಕಂಟ್ರೋಲರುಗಳಲ್ಲಿ ಇಲ್ಲ. ನಡುವಿನ ಎಕ್ಸ್‌ಬಾಕ್ಸ್ ಬಟನ್ನಿನ ಸುತ್ತಲಿನ ಪ್ಲಾಸ್ಟಿಕ್ ಮೇಲಿನ ಭುಜದ ಬಟನ್ನುಗಳ ಜೊತೆ ಸೇರಿದ ಬೇರೆ ತುಂಡಾಗಿದ್ದರೆ ಬ್ಲೂಟೂತ್ ಇಲ್ಲ. ಮುಂಭಾಗದ ಮೈಗೇ ಸೇರಿಕೊಂಡಿದ್ದರೆ ಇದೆ. ಬ್ಯಾಟರಿ ತೆಗೆದರೆ ಒಳಗೆ ಮಾಡೆಲ್ ನಂಬರೂ ಸಿಗುತ್ತದೆ. 1537 ಮತ್ತು 1697ರಲ್ಲಿ ಇಲ್ಲ, 1708 ಮತ್ತು 1914ರಲ್ಲಿ ಇದೆ.

ಡ್ಯುಯಲ್‌ಶಾಕ್ 4 ಜೋಡಿಸಲು ಕೇಬಲ್ ತೆಗೆಯಿರಿ. ಶೇರ್ ಬಟನ್ ಮತ್ತು ನಡುವಿನ ಪಿಎಸ್ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ದೀಪ ಎರಡೆರಡು ಸಲ ಪಟಪಟ ಮಿಣುಕಲು ಶುರುವಾದಾಗ ಬಿಡಿ. ನಿಧಾನಕ್ಕೆ ಮಿಣುಕುತ್ತಿದ್ದರೆ ಅದು ಹಳೇ ಪಿಎಸ್4ನ್ನು ಹುಡುಕುತ್ತಿದೆ, ಜೋಡಣೆಗೆ ತಯಾರಾಗಿಲ್ಲ. ಡ್ಯುಯಲ್‌ಸೆನ್ಸ್‌ಗೆ ಶೇರ್ ಬದಲು ಕ್ರಿಯೇಟ್ ಬಟನ್. ವಿಂಡೋಸ್ 11ರಲ್ಲಿ Settings, Bluetooth & devices, Add device, Bluetooth. ಪಟ್ಟಿಯಲ್ಲಿ ಬಂದ ಕಂಟ್ರೋಲರನ್ನು ಒತ್ತಿ. ಜೋಡಣೆ ಆಗದೆ ಸತಾಯಿಸಿದರೆ ಕಂಟ್ರೋಲರಿನ ಬೆನ್ನಲ್ಲಿ ಎಲ್2 ಬಳಿ ಒಂದು ಸಣ್ಣ ತೂತಿದೆ. ಸಿಮ್ ತೆಗೆಯುವ ಪಿನ್ನಿನಿಂದ ಅದರೊಳಗಿನ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ವಿಂಡೋಸ್‌ನಲ್ಲಿ ಹಳೇ ಹೆಸರನ್ನು ತೆಗೆದುಹಾಕಿ, ಮೊದಲಿಂದ ಮಾಡಿ.

ಜೋಡಣೆಯಾಯಿತು, ಆದರೆ ಬಟನ್ ಒತ್ತಿದ್ದು ತಡವಾಗಿ ತಲುಪುತ್ತದೆ, ನಡುನಡುವೆ ಕಡಿಯುತ್ತದೆ ಅಂದರೆ ಮೊದಲು ಡಾಂಗಲ್ ಎಲ್ಲಿದೆ ನೋಡಿ. ಸಾಮಾನ್ಯವಾಗಿ ಕ್ಯಾಬಿನೆಟ್ಟಿನ ಹಿಂದೆ, ಗೋಡೆ ಮತ್ತು ತಗಡಿನ ನಡುವೆ ಇರುತ್ತದೆ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಯುಎಸ್‌ಬಿ 3 ಪೋರ್ಟಿನಲ್ಲಿ ಹಾರ್ಡ್‌ಡಿಸ್ಕಿನಂಥದ್ದು ಕೆಲಸ ಮಾಡುವಾಗ ಅದೇ ಆಸುಪಾಸಿನಲ್ಲಿ ಗದ್ದಲ ಹೊರಡುತ್ತದೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಮೇಜಿನ ಮೇಲೆ, ಕಂಟ್ರೋಲರಿಗೆ ಎದುರಾಗಿ ತಂದಿಡಿ. ಅಕ್ಕನ ಮನೆಯಲ್ಲಿ ಇಷ್ಟರಿಂದಲೇ ಕಡಿತ ನಿಂತಿತು. ಲ್ಯಾಪ್‌ಟಾಪಿನಲ್ಲಿ ಒಳಗಿನ ಬ್ಲೂಟೂತ್ ಇದ್ದೂ ಡಾಂಗಲ್ ಹಾಕಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಒಂದನ್ನು ಆಫ್ ಮಾಡಿ. ವಿಂಡೋಸ್‌ಗೆ ಎರಡು ಬ್ಲೂಟೂತ್ ಒಟ್ಟಿಗೆ ಇಟ್ಟುಕೊಂಡು ಸರಿಯಾಗಿ ನಡೆಸಲು ಬರುವುದಿಲ್ಲ.

ನೆನಪಿಡಿ, ಬ್ಲೂಟೂತಿಗೆ ಹಾಕಿದ ಮಾತ್ರಕ್ಕೆ ಡ್ಯುಯಲ್‌ಶಾಕ್ ಎಕ್ಸ್‌ಇನ್‌ಪುಟ್ ಆಗುವುದಿಲ್ಲ. ದಾರಿ ಬದಲಾಯಿತು, ಪದ್ಧತಿ ಅದೇ. ಸ್ಟೀಮ್ ಅಥವಾ ಡಿಎಸ್4ವಿಂಡೋಸ್ ಆಗಲೂ ಬೇಕು.

ಅಡಾಪ್ಟರ್ ಮತ್ತು ಬೇರೆ ಕಂಪನಿಯ ಕಂಟ್ರೋಲರುಗಳು

"ಅಡಾಪ್ಟರ್" ಅನ್ನುವ ಹೆಸರಲ್ಲಿ ಅಂಗಡಿಯಲ್ಲಿ ಮೂರು ಬೇರೆ ಬೇರೆ ವಸ್ತು ಸಿಗುತ್ತವೆ. ಬರೀ ಬ್ಲೂಟೂತ್ ಡಾಂಗಲ್ ಒಂದು, ಅದರ ಕಥೆ ಈಗ ಹೇಳಿದೆ. ಎರಡನೆಯದು ಪರಿವರ್ತಕ ಡಾಂಗಲ್. ಸೋನಿ, ನಿಂಟೆಂಡೊ ಕಂಟ್ರೋಲರನ್ನು ತಾನೇ ಬ್ಲೂಟೂತಿನಲ್ಲಿ ಹಿಡಿದು ಕಂಪ್ಯೂಟರಿಗೆ ಎಕ್ಸ್‌ಇನ್‌ಪುಟ್ ಕೊಡುತ್ತದೆ. 8ಬಿಟ್‌ಡೊ ಕಂಪನಿಯದು ಈ ಥರದ್ದು. ಇದನ್ನು ಹಾಕಿದರೆ ಡಿಎಸ್4ವಿಂಡೋಸ್ ಬೇಡ. ಮೂರನೆಯದು ಹಳೇ ಪಿಎಸ್2 ಕಂಟ್ರೋಲರಿನ ಅಗಲ ಪಿನ್ನನ್ನು ಯುಎಸ್‌ಬಿ ಮಾಡುವ ಕನ್ವರ್ಟರ್. ಇದು ಸಾಮಾನ್ಯವಾಗಿ ಡೈರೆಕ್ಟ್‌ಇನ್‌ಪುಟ್. ಹೊಸ ಗೇಮ್‌ಗೆ ಇದು ಕಾಣದಿದ್ದರೆ ಆಶ್ಚರ್ಯ ಬೇಡ, ಸ್ಟೀಮ್ ಮೂಲಕ ಪ್ರಯತ್ನಿಸಿ. ಮೊದಲ ಸಲ ಪ್ರತಿ ಬಟನ್ನನ್ನೂ ನೀವೇ ತೋರಿಸಿಕೊಡಬೇಕಾಗುತ್ತದೆ. ಪಿಎಸ್2 ಕಂಟ್ರೋಲರಿನ ನಡುವಿನ ಅನಲಾಗ್ ಬಟನ್ ಒತ್ತಿ ಕೆಂಪು ದೀಪ ಬರಿಸಿಕೊಳ್ಳುವುದನ್ನೂ ಮರೆಯಬೇಡಿ. ದೀಪ ಇಲ್ಲದಿದ್ದರೆ ಕಡ್ಡಿಗಳು ಕಡ್ಡಿಗಳಾಗಿ ಕೆಲಸ ಮಾಡುವುದಿಲ್ಲ.

ಬೇರೆ ಕಂಪನಿಗಳ ಹಲವು ಕಂಟ್ರೋಲರುಗಳಲ್ಲಿ ಪದ್ಧತಿ ಬದಲಿಸುವ ವ್ಯವಸ್ಥೆ ಕಂಟ್ರೋಲರಿನಲ್ಲೇ ಇರುತ್ತದೆ. ಕಡಿಮೆ ಬೆಲೆಯವನ್ನು ತಂದವರು ಇದನ್ನು ನೋಡಿಯೇ ಇರುವುದಿಲ್ಲ. ಲಾಜಿಟೆಕ್ ಎಫ್310ರ ಬೆನ್ನಲ್ಲಿ X ಮತ್ತು D ಅನ್ನುವ ಜಾರುವ ಸ್ವಿಚ್ ಇದೆ, X ಅಂದರೆ ಎಕ್ಸ್‌ಇನ್‌ಪುಟ್. ಹಲವು 8ಬಿಟ್‌ಡೊ ಕಂಟ್ರೋಲರುಗಳನ್ನು ಆನ್ ಮಾಡುವಾಗಲೇ ಎಕ್ಸ್ ಮತ್ತು ಸ್ಟಾರ್ಟ್ ಒಟ್ಟಿಗೆ ಒತ್ತಿದರೆ ಎಕ್ಸ್‌ಇನ್‌ಪುಟ್, ಬಿ ಮತ್ತು ಸ್ಟಾರ್ಟ್ ಒತ್ತಿದರೆ ಡೈರೆಕ್ಟ್‌ಇನ್‌ಪುಟ್. ಇನ್ನು ಕೆಲವಕ್ಕೆ ನಡುವಿನ ಹೋಮ್ ಬಟನ್ನನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಬೇಕು, ದೀಪಗಳ ಜೋಡಣೆ ಬದಲಾಗುತ್ತದೆ. ನಿಮ್ಮದು ಯಾವುದು ಅನ್ನುವುದು ಡಬ್ಬದೊಳಗಿನ ಚೀಟಿಯಲ್ಲಿ ಇರುತ್ತದೆ. ಚೀಟಿ ಕಳೆದಿದ್ದರೆ ಪದ್ಧತಿ ಬದಲಿಸಿ ಪ್ರತಿ ಸಲವೂ joy.cpl ನಲ್ಲಿ ಹೆಸರು ನೋಡಿ. Xbox ಅಂತ ಬಂದ ಕೂಡಲೇ ನಿಲ್ಲಿಸಿ.

ಬದಲಿಸಿದ ಮೇಲೆ ಗೇಮನ್ನು ಮುಚ್ಚಿ ಮತ್ತೆ ತೆರೆಯಿರಿ. ಹಳೇ ಗೇಮ್‌ಗಳು ಶುರುವಾಗುವಾಗ ಒಂದು ಸಲ ಮಾತ್ರ ಕಂಟ್ರೋಲರ್ ಹುಡುಕುತ್ತವೆ. ಆಮೇಲೆ ಚುಚ್ಚಿದ್ದು ಅವಕ್ಕೆ ಗೊತ್ತೇ ಆಗುವುದಿಲ್ಲ. ಎಕ್ಸ್‌ಇನ್‌ಪುಟ್‌ನಲ್ಲಿ ಒಟ್ಟು ನಾಲ್ಕು ಜಾಗ ಮಾತ್ರ ಇವೆ, ಎಷ್ಟೋ ಗೇಮ್‌ಗಳು ಒಂದನೇ ಜಾಗ ಮಾತ್ರ ನೋಡುತ್ತವೆ. ಬೇರೆ ಯಾವುದೋ ಸುಳ್ಳು ಕಂಟ್ರೋಲರ್ ಆ ಜಾಗ ಹಿಡಿದು ಕೂತಿದ್ದರೆ ನಿಮ್ಮದು ಎಲ್ಲ ಸರಿ ಇದ್ದೂ ಗೇಮ್ ಕೇಳುವುದಿಲ್ಲ. ಬೇಡದವನ್ನು ಕಿತ್ತು, ಬೇಕಾದ್ದನ್ನು ಮೊದಲು ಹಾಕಿ.

ಸ್ನೇಹಿತನ ಕಂಟ್ರೋಲರ್ ಸಾಲ ತಂದವರು ವಾಪಸ್ ಕೊಡುವಾಗ ಒಂದು ಮಾತು ಹೇಳಿ ಕೊಡಿ. ಕಂಪ್ಯೂಟರಿಗೆ ಬ್ಲೂಟೂತಿನಲ್ಲಿ ಜೋಡಿಸಿದ ಡ್ಯುಯಲ್‌ಶಾಕ್ 4 ತನ್ನ ಪಿಎಸ್4ನ್ನು ಮರೆತಿರುತ್ತದೆ, ಪಿಎಸ್ ಬಟನ್ ಒತ್ತಿದರೆ ಟಿವಿ ಮುಂದೆ ಸುಮ್ನೆ ಮಿಣುಕುತ್ತದೆ. ಪಿಎಸ್4 ಆನ್ ಮಾಡಿ, ಡೇಟಾ ಕೇಬಲ್ಲಿನಲ್ಲಿ ಅದಕ್ಕೆ ಚುಚ್ಚಿ ಒಂದು ಸಲ ಪಿಎಸ್ ಬಟನ್ ಒತ್ತಿದರೆ ಮತ್ತೆ ಜೋಡಿಯಾಗುತ್ತದೆ. ಅಲ್ಲೂ ಸ್ಪೀಕರ್ ಡಬ್ಬದ ಕೇಬಲ್ ಹಾಕಬೇಡಿ.